ಧಾತು, ಸಂಯುಕ್ತ, ಮಿಶ್ರಣ: ಕಡಲ ನೀರು, ಸಕ್ಕರೆ ಮತ್ತು ತಾಮ್ರದ ಹಂಡೆಯಿಂದ ಕಲಿಯುವ ಬಗೆ

ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಧಾತು, ಸಂಯುಕ್ತ, ಮಿಶ್ರಣ ಈ ಮೂರರ ವ್ಯಾಖ್ಯೆ ಬಾಯಿಪಾಠ ಇರುತ್ತದೆ. ಆದರೆ ಒಂದು ಲೋಟ ಉಪ್ಪುನೀರು ಮುಂದಿಟ್ಟು "ಇದು ಯಾವುದು?" ಎಂದು ಕೇಳಿ ನೋಡಿ. ಅರ್ಧ ತರಗತಿ "ಸಂಯುಕ್ತ" ಅನ್ನುತ್ತದೆ. ಯಾಕೆ ಅಂತ ಕೇಳಿದರೆ, "ಉಪ್ಪು ಕಾಣೋದಿಲ್ಲವಲ್ಲ, ನೀರಿನ ಜೊತೆ ಒಂದಾಗಿಬಿಟ್ಟಿದೆ" ಅನ್ನುವ ಉತ್ತರ ಬರುತ್ತದೆ.

ತೊಂದರೆ ಇರುವುದು ಇಲ್ಲೇ. ಕಣ್ಣಿಗೆ ಒಂದೇ ಥರ ಕಾಣುವುದಕ್ಕೂ ಸಂಯುಕ್ತ ಆಗುವುದಕ್ಕೂ ಸಂಬಂಧವಿಲ್ಲ. ನೋಡಿ ಹೇಳುವ ವಿಷಯ ಇದಲ್ಲ, ಬಿಡಿಸಿ ನೋಡಿ ಹೇಳಬೇಕಾದದ್ದು. ಬಿಡಿಸುವುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಕಡಲು ಹತ್ತಿರವೇ ಇದೆ. ಶಿರಸಿ, ಸಿದ್ದಾಪುರದವರಿಗೆ ಒಂದು ಮುಷ್ಟಿ ಹರಳುಪ್ಪು ಸಾಕು.

ಒಲೆ ಹಚ್ಚುವ ಕೆಲಸ ಇರುವಲ್ಲೆಲ್ಲ ಆಯಿಯನ್ನೋ ಅಪ್ಪನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸಕ್ಕರೆಯ ಪ್ರಯೋಗಕ್ಕಂತೂ ಇದು ಬೇಕೇ ಬೇಕು.

ಕೇಳಬೇಕಾದ ಪ್ರಶ್ನೆಗಳು

ಯಾವುದೇ ವಸ್ತು ಎದುರಿಗೆ ಬಂದರೂ ಮೊದಲ ಪ್ರಶ್ನೆ ಇದು: ಸೋಸಿ, ಒಣಗಿಸಿ, ಕುದಿಸಿ, ಅಯಸ್ಕಾಂತ ಹಿಡಿದು ಇದನ್ನು ಬೇರೆ ಮಾಡಬಹುದಾ? ಅಂದರೆ ಒಳಗಿರುವ ವಸ್ತುಗಳು ತಮ್ಮ ಗುಣ ಬಿಡದೆ ಹಾಗೇ ಹೊರಗೆ ಬರುತ್ತವಾ? ಬಂದರೆ ಅದು ಮಿಶ್ರಣ.

ಬರಲಿಲ್ಲ ಎಂದುಕೊಳ್ಳಿ. ಆಗ ಎರಡನೇ ಪ್ರಶ್ನೆ: ಬಲವಾಗಿ ಕಾಯಿಸಿದಾಗ ಅಥವಾ ಕರೆಂಟು ಹಾಯಿಸಿದಾಗ ಇದು ಒಡೆದು ಬೇರೆಯೇ ಗುಣದ ಹೊಸ ವಸ್ತುಗಳಾಗುತ್ತದಾ? ಆದರೆ ಅದು ಸಂಯುಕ್ತ. ಯಾವ ರಾಸಾಯನಿಕ ವಿಧಾನಕ್ಕೂ ಒಡೆಯದೆ ಉಳಿದರೆ ಅದು ಧಾತು. ಕೆಲವು ಪುಸ್ತಕಗಳಲ್ಲಿ ಇದನ್ನೇ ಮೂಲವಸ್ತು ಎಂದು ಬರೆದಿರುತ್ತಾರೆ.

ಕೇಳಲಿಕ್ಕೆ ಸುಲಭ ಅನಿಸುತ್ತದೆ ಅಲ್ವಾ? ಎರಡನೇ ಪ್ರಶ್ನೆಯಲ್ಲಿ ಎರಡು ಗುಂಡಿಗಳಿವೆ. ಅವುಗಳ ಬಳಿ ಬಂದಾಗ ತೋರಿಸುತ್ತೇನೆ.

ಮೊದಲ ಹೆಜ್ಜೆ: ಕಡಲ ನೀರನ್ನು ಬಿಡಿಸುವುದು

ಒಂದು ಲೀಟರ್ ಕಡಲ ನೀರು ತನ್ನಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ತಂದರೆ ಒಳ್ಳೆಯದು. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ತುಂಬಬೇಡಿ, ಅಲ್ಲಿಂದ ದೂರ ಹೋಗಿ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಸಿಹಿನೀರು ತಂದು ಸುರಿಯುತ್ತವೆ. ಆಗ ದಡದ ನೀರಿನಲ್ಲಿ ಉಪ್ಪು ಬಹಳ ಕಡಿಮೆ ಇರುತ್ತದೆ. ಕಡಲು ದೂರ ಇರುವವರು ಒಂದು ಲೀಟರ್ ನೀರಿಗೆ 35 ಗ್ರಾಂ ಹರಳುಪ್ಪು, ಒಂದು ಚಮಚ ಮರಳು ಹಾಕಿ ಕಲಕಿಕೊಳ್ಳಿ. ಕಡಲ ನೀರಿನ ಎಲ್ಲ ಲವಣಗಳೂ ಇದರಲ್ಲಿ ಇರುವುದಿಲ್ಲ. ಆದರೂ ಮುಖ್ಯ ಸಂಗತಿ ಕಾಣುತ್ತದೆ.

ನೀರನ್ನು ಅರ್ಧ ಗಂಟೆ ಅಲುಗಿಸದೆ ಇಡಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಹಳೆಯ ಹತ್ತಿ ಪಂಚೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಮರಳು, ಪಾಚಿ, ಕಸ ಹೋಯಿತು. ಇಲ್ಲಿಗೆ ಒಂದು ಮಿಶ್ರಣ ಬಿಡಿಸಿದಿರಿ. ಇದು ಸುಲಭದ್ದು, ಯಾಕೆಂದರೆ ಮರಳು ಕಣ್ಣಿಗೆ ಬೇರೆಯಾಗಿ ಕಾಣುತ್ತಿತ್ತು. ಇಂಥದಕ್ಕೆ ಅಸಮಜಾತಿ ಮಿಶ್ರಣ ಅನ್ನುತ್ತಾರೆ.

ಈಗ ಪಾತ್ರೆಯಲ್ಲಿರುವುದು ತಿಳಿನೀರು. ಬೆಳಕಿಗೆ ಹಿಡಿದರೂ ಏನೂ ಕಾಣುವುದಿಲ್ಲ. ಬಟ್ಟೆಯಲ್ಲಿ ಇನ್ನೂ ಹತ್ತು ಸಲ ಸೋಸಿದರೂ ಉಪ್ಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಹಾಗಂತ ಇದು ಸಂಯುಕ್ತ ಅಲ್ಲ, ನಾವು ಬಳಸಿದ ವಿಧಾನ ಸಾಲಲಿಲ್ಲ, ಅಷ್ಟೇ.

ಸ್ಟೀಲ್ ಪಾತ್ರೆಯಲ್ಲಿ ಹಾಕಿ ಮಧ್ಯಮ ಉರಿಯಲ್ಲಿ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಉಪ್ಪುನೀರಿಗೆ ಅದರ ಮೈಯಲ್ಲಿ ಚುಕ್ಕೆಚುಕ್ಕೆ ಗುಳಿ ಬೀಳುತ್ತದೆ. ನೀರು ಕುದಿಯುವಾಗ ಒಂದು ತಣ್ಣನೆಯ ತಟ್ಟೆಯನ್ನು ಆವಿಗೆ ಓರೆಯಾಗಿ ಹಿಡಿಯಿರಿ. ಹನಿಗಳು ಕೂಡುತ್ತವೆ. ಹರಳುಪ್ಪಿನಿಂದ ನೀರು ಮಾಡಿಕೊಂಡವರು ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದು, ಉಪ್ಪಿನ ರುಚಿ ಇರುವುದಿಲ್ಲ. ಕಡಲಿನಿಂದ ತಂದವರು ನಾಲಿಗೆಗೆ ಹಚ್ಚಬೇಡಿ. ದಡದ ನೀರಿನಲ್ಲಿ ಏನೇನು ಸೇರಿರುತ್ತದೋ ಹೇಳಲಾಗದು.

ಕಡಲ ನೀರು ಕುದಿದು ಐದನೇ ಒಂದು ಭಾಗಕ್ಕೆ ಇಳಿಯುವ ಹೊತ್ತಿಗೆ ಸ್ವಲ್ಪ ಬೆಳ್ಳಗೆ ಮಬ್ಬಾಗುತ್ತದೆ. ಇದನ್ನು ಉಪ್ಪು ಎಂದುಕೊಂಡು ಖುಷಿಪಡುವವರೇ ಜಾಸ್ತಿ. ಇದು ಉಪ್ಪಲ್ಲ, ಮುಖ್ಯವಾಗಿ ಕ್ಯಾಲ್ಸಿಯಂನ ಲವಣಗಳು, ಅದರಲ್ಲೂ ಜಿಪ್ಸಂ. ಅವು ನೀರಿನಲ್ಲಿ ಕರಗುವುದು ಕಡಿಮೆ, ಹಾಗಾಗಿ ಮೊದಲು ಹೊರಬೀಳುತ್ತವೆ. ಒಲೆ ಆರಿಸಿ, ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಉಳಿದ ನೀರನ್ನು ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಿಗಿಡಿ. ಮೇಲೆ ತೆಳ್ಳಗಿನ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಧೂಳು ಬೀಳುತ್ತದೆ.

ನೀರು ಮೊದಲಿದ್ದುದರ ಹತ್ತನೇ ಒಂದು ಭಾಗಕ್ಕೆ, ಅಂದರೆ ಸುಮಾರು 100 ಮಿಲಿಲೀಟರಿಗೆ ಬಂದಾಗ ಉಪ್ಪಿನ ಹರಳು ಮೂಡಲು ಶುರು. ಭೂತಗನ್ನಡಿಯಲ್ಲಿ ನೋಡಿದರೆ ಚೌಕ ಚೌಕ ಕಾಣುತ್ತವೆ. ನಾಲ್ಕೈದು ಚಮಚ ನೀರು ಉಳಿದಾಗ ನಿಲ್ಲಿಸಿ. ಆ ನೀರನ್ನು ಬಗ್ಗಿಸಿ ಬೇರೆ ಲೋಟಕ್ಕೆ ಹಾಕಿ. ಅದರಲ್ಲಿ ಹೆಚ್ಚಾಗಿ ಇರುವುದು ಮೆಗ್ನೀಸಿಯಂ ಲವಣಗಳು, ಕಹಿ ಗುಣದವು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಬೇಸಿಗೆಯಲ್ಲಿ ಉಪ್ಪು ತೆಗೆಯುವುದೂ ಇದೇ ತತ್ವದ ಮೇಲೆ. ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಮಡಿಯಲ್ಲಿ ಹರಳು ಕಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ.

ನಿಲ್ಲಿಸದೆ ಪೂರ್ತಿ ಒಣಗಿಸಿದರೆ ಏನಾಗುತ್ತದೆ? ಮೊದಲನೆಯದು, ಒಲೆಯ ಮೇಲೆ ಇಟ್ಟಿದ್ದರೆ ಬಿಸಿ ಉಪ್ಪು ಚಟಪಟ ಸಿಡಿಯುತ್ತದೆ, ಕಣ್ಣಿಗೆ ಅಪಾಯ. ಎರಡನೆಯದು, ಕಹಿ ಲವಣವೂ ಉಪ್ಪಿನಲ್ಲೇ ಉಳಿಯುತ್ತದೆ. ಆ ಉಪ್ಪು ಎಷ್ಟು ಒಣಗಿಸಿದರೂ ಮತ್ತೆ ಒದ್ದೆಯಾಗುತ್ತದೆ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75% ದಾಟಿದ ಮೇಲೆ ನೀರು ಹೀರಿ ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ 33% ಸಾಕು. ಹರಳುಪ್ಪಿನ ಭರಣಿ ಜೂನ್ ಬರುವುದಕ್ಕೆ ಮುಂಚೆಯೇ ಬೆವರುವುದು ಇದಕ್ಕೇ. ನಿಮ್ಮ ಮನೆಯ ಹರಳುಪ್ಪು ಮಿಶ್ರಣ ಎನ್ನುವುದಕ್ಕೆ ಭರಣಿಯೇ ಸಾಕ್ಷಿ.

ಈಗ ಯೋಚಿಸಿ. ನೀರು ಆವಿಯಾಗಿ ಹೋಯಿತು, ನೀರಾಗಿಯೇ ಹೋಯಿತು. ಉಪ್ಪು ಉಪ್ಪಾಗಿಯೇ ಉಳಿಯಿತು. ಒಲೆ ಹೊಸದೇನನ್ನೂ ಹುಟ್ಟಿಸಲಿಲ್ಲ. ಲೋಟದಲ್ಲಿದ್ದಾಗಲೂ ನೀರು ಒದ್ದೆ ಮಾಡುತ್ತಿತ್ತು, ಉಪ್ಪು ಉಪ್ಪಗಿತ್ತು. ಎರಡೂ ತಮ್ಮ ಗುಣ ಬಿಟ್ಟಿರಲಿಲ್ಲ. ಹಾಗಾಗಿ ತಿಳಿಯಾದ ಕಡಲ ನೀರೂ ಮಿಶ್ರಣವೇ. ಎಲ್ಲ ಕಡೆ ಒಂದೇ ಸಮ ಬೆರೆತಿರುವುದರಿಂದ ಇದಕ್ಕೆ ಸಮಜಾತಿ ಮಿಶ್ರಣ ಅಥವಾ ದ್ರಾವಣ ಎಂದು ಹೆಸರು.

ಪ್ರಮಾಣವನ್ನು ನೋಡಿ

ನನ್ನ ಪ್ರಕಾರ ಈ ಪಾಠದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮಾತು ಪ್ರಮಾಣದ್ದು. ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಮಕ್ಕಳೂ ಸುಮ್ನೆ ದಾಟಿ ಹೋಗುತ್ತಾರೆ.

ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಸುಮಾರು 27 ಗ್ರಾಂ ನಮ್ಮ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಆದರೆ ಈ 35 ಎಂಬುದು ಸ್ಥಿರವಲ್ಲ. ಅಳಿವೆಯೊಳಗೆ ಬಂದರೆ 20 ಇರಬಹುದು, ಇನ್ನೂ ಮೇಲೆ ಹೊಳೆಯಲ್ಲಿ ಹೋದರೆ 5. ಭರತ ಬಂದಾಗ ಏರುತ್ತದೆ, ಇಳಿತವಾದಾಗ ತಗ್ಗುತ್ತದೆ. ಆಗರದ ಮಡಿಯಲ್ಲಿ 200 ದಾಟುತ್ತದೆ. ಎಷ್ಟಿದ್ದರೂ ಅದನ್ನು ಉಪ್ಪುನೀರು ಎಂದೇ ಕರೆಯುತ್ತೇವೆ. ಮಿಶ್ರಣದಲ್ಲಿ ಪ್ರಮಾಣ ಹೇಗೂ ಇರಬಹುದು.

ಈಗ ತಟ್ಟೆಯಲ್ಲಿ ಮೂಡಿದ ಉಪ್ಪಿನ ಒಂದು ಹರಳಿನ ಒಳಗೆ ಹೋಗೋಣ. 100 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ತೆಗೆದುಕೊಂಡರೆ ಅದರಲ್ಲಿ 39 ಗ್ರಾಂ ಸೋಡಿಯಂ, 61 ಗ್ರಾಂ ಕ್ಲೋರಿನ್ ಇರುತ್ತದೆ. ಉಪ್ಪು ಸಾಣಿಕಟ್ಟಾದ್ದಾಗಲಿ, ಗುಜರಾತಿನದ್ದಾಗಲಿ, ಗಣಿಯಿಂದ ಅಗೆದ ಕಲ್ಲುಪ್ಪಾಗಲಿ, ಶುದ್ಧ ಮಾಡಿದ ಮೇಲೆ ಇದು ಬದಲಾಗುವುದಿಲ್ಲ. ಪ್ರತಿ ಸೋಡಿಯಂ ಕಣಕ್ಕೆ ಒಂದೇ ಕ್ಲೋರಿನ್ ಕಣ ಜೋಡಿ, ಸೂತ್ರ NaCl. ಕ್ಲೋರಿನ್ ಕಣ ಹೆಚ್ಚು ಭಾರ, ಹಾಗಾಗಿ ತೂಕದಲ್ಲಿ ಅದರ ಪಾಲು ಹೆಚ್ಚು. 50 ಗ್ರಾಂ ಸೋಡಿಯಂ, 50 ಗ್ರಾಂ ಕ್ಲೋರಿನ್ ಕೂಡಿಸಲು ಹೋದರೆ ಸುಮಾರು 18 ಗ್ರಾಂ ಸೋಡಿಯಂ ಜೋಡಿ ಸಿಗದೆ ಹಾಗೇ ಉಳಿಯುತ್ತದೆ.

ಗುಣದ ಮಾತೂ ಹಾಗೇ. ಸೋಡಿಯಂ ಒಂದು ಲೋಹ, ಚಾಕುವಿನಲ್ಲಿ ಕತ್ತರಿಸುವಷ್ಟು ಮೆತ್ತಗೆ, ನೀರಿಗೆ ಬಿದ್ದರೆ ಜೋರಾಗಿ ಉರಿಯುತ್ತದೆ. ಕ್ಲೋರಿನ್ ಹಸಿರು ಹಳದಿ ಬಣ್ಣದ ವಿಷಾನಿಲ. ಎರಡೂ ಕೂಡಿ ಆದದ್ದನ್ನು ನಾವು ಗಂಜಿಗೆ ಹಾಕಿಕೊಂಡು ಉಣ್ಣುತ್ತೇವೆ. ಎರಡರ ಹಳೆಯ ಗುಣವೂ ಅದರಲ್ಲಿ ಉಳಿದಿಲ್ಲ.

ಎರಡನೇ ಹೆಜ್ಜೆ: ಸಂಯುಕ್ತವನ್ನು ಒಡೆಯುವುದು

ಉಪ್ಪು ಸಂಯುಕ್ತ ಎಂದು ಹೇಳಿದ್ದಾಯಿತು. ಹಾಗಾದರೆ ಕಾಯಿಸಿ ಒಡೆಯೋಣವೇ? ಆಗುವುದಿಲ್ಲ. ಉಪ್ಪು ಕರಗಿ ದ್ರವವಾಗಲಿಕ್ಕೇ 801 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದ ಮೇಲೂ ಅದು ಉಪ್ಪೇ. ಇದು ನಾನು ಹೇಳಿದ ಮೊದಲ ಗುಂಡಿ: ನಮ್ಮ ಒಲೆಗೆ ಒಡೆಯಲಿಲ್ಲ ಎಂದ ಮಾತ್ರಕ್ಕೆ ಅದು ಧಾತು ಆಗುವುದಿಲ್ಲ.

ಉಪ್ಪನ್ನು ಒಡೆಯುವುದು ಕರೆಂಟು. ಕಾರವಾರದ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಇಂಥ ಕಾರ್ಖಾನೆಯಲ್ಲಿ ಉಪ್ಪನ್ನು ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ ಕರೆಂಟು ಹಾಯಿಸುತ್ತಾರೆ. ಒಂದು ಕಡೆ ಕ್ಲೋರಿನ್ ಅನಿಲ, ಇನ್ನೊಂದು ಕಡೆ ಜಲಜನಕ ಬರುತ್ತದೆ. ಸೋಡಿಯಂ ಲೋಹವಾಗಿ ಸಿಗುವುದಿಲ್ಲ, ನೀರಿನ ಜೊತೆ ಕೂಡಿ ಕಾಸ್ಟಿಕ್ ಸೋಡಾ ಆಗುತ್ತದೆ. ಮನೆಯಲ್ಲಿ ಬ್ಯಾಟರಿಯನ್ನು ಉಪ್ಪುನೀರಿಗೆ ಇಳಿಸಿ ಇದನ್ನು ಮಾಡಲು ಹೋಗಬೇಡಿ. ಸ್ವಲ್ಪವೇ ಆದರೂ ಬರುವುದು ಕ್ಲೋರಿನ್, ಅಡುಗೆಮನೆಯಲ್ಲಿ ಅದು ಬೇಡ.

ಮನೆಯಲ್ಲಿ ಒಡೆಯಲು ಸರಿಯಾದ ಸಂಯುಕ್ತ ಸಕ್ಕರೆ. ಅದರ ಸೂತ್ರ C₁₂H₂₂O₁₁. ಇಂಗಾಲ, ಜಲಜನಕ, ಆಮ್ಲಜನಕ ಮೂರು ಧಾತುಗಳು ಅದರಲ್ಲಿವೆ.

ಒಂದು ಹಳೆಯ, ಚಿಕ್ಕ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅದನ್ನು ಚೆನ್ನಾಗಿ ಒರೆಸಿ, ಖಾಲಿಯಾಗಿ ಒಂದು ನಿಮಿಷ ಬಿಸಿ ಮಾಡಿ ತಣಿಸಿ, ಪಸೆ ಇರಬಾರದು. ಅರ್ಧ ಚಮಚ ಸಕ್ಕರೆ ಹಾಕಿ. ಒಣಗಿದ, ತಣ್ಣಗಿನ ಸ್ಟೀಲ್ ಮುಚ್ಚಳ ಮುಚ್ಚಿ. ಕಿಟಕಿ ತೆರೆದಿರಲಿ. ಸಣ್ಣ ಉರಿಯಲ್ಲಿ ಇಡಿ.

ಸಕ್ಕರೆ ಕರಗಿ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಇಕ್ಕಳದಲ್ಲಿ ಮುಚ್ಚಳ ಎತ್ತಿ ಅದರ ಒಳಮೈ ನೋಡಿ, ನೀರಿನ ಹನಿ ಕಟ್ಟಿರುತ್ತದೆ. ಮತ್ತೆ ಮುಚ್ಚಿ. ಸ್ವಲ್ಪ ಹೊತ್ತಿಗೆ ಹೊಗೆ, ಘಾಟು ವಾಸನೆ ಬಂದು ಸಕ್ಕರೆ ಕಪ್ಪಾಗಿ ಉಬ್ಬುತ್ತದೆ. ಅಷ್ಟಕ್ಕೆ ಒಲೆ ಆರಿಸಿ. ಪೂರ್ತಿ ತಣಿಯುವ ತನಕ ಮುಟ್ಟಬೇಡಿ. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಬಿಸಿ, ಕೈಗೆ ತಾಗಿದರೆ ಅಂಟಿಕೊಂಡು ಸುಡುತ್ತದೆ.

ಮುಚ್ಚಳ ಯಾಕೆ ಬೇಕು ಅಂದರೆ, ಗ್ಯಾಸ್ ಉರಿಯುವಾಗ ಅದರಿಂದಲೇ ನೀರಾವಿ ಹುಟ್ಟುತ್ತದೆ. ಸಕ್ಕರೆಯನ್ನು ಚಮಚದಲ್ಲಿ ಹಿಡಿದು ಮೇಲೆ ತಟ್ಟೆ ಹಿಡಿದರೆ, ತಟ್ಟೆಯ ಮೇಲಿನ ಹನಿ ಸಕ್ಕರೆಯದ್ದೋ ಉರಿಯದ್ದೋ ತಿಳಿಯುವುದಿಲ್ಲ. ಅನುಮಾನ ಇದ್ದರೆ ಖಾಲಿ ಪಾತ್ರೆಯನ್ನು ಮುಚ್ಚಳ ಮುಚ್ಚಿ ಅಷ್ಟೇ ಹೊತ್ತು ಕಾಯಿಸಿ ನೋಡಿ. ಅದರ ಮುಚ್ಚಳ ಒಣಗಿಯೇ ಇರಬೇಕು. ಬೆಲ್ಲದಲ್ಲಿ ಈ ಪ್ರಯೋಗ ಮಾಡಬೇಡಿ. ಬೆಲ್ಲದಲ್ಲಿ, ಅದರಲ್ಲೂ ಶಿರಸಿ ಕಡೆಯ ಜೋನಿಬೆಲ್ಲದಲ್ಲಿ, ಮೊದಲೇ ನೀರಿದೆ. ಅದು ಸಕ್ಕರೆ, ನೀರು, ಲವಣ ಎಲ್ಲ ಸೇರಿದ ಮಿಶ್ರಣ. ಆ ಹನಿ ಯಾವುದನ್ನೂ ತೋರಿಸುವುದಿಲ್ಲ. ಒಣ ಸಕ್ಕರೆಯಲ್ಲಿ ನೀರು ನೀರಾಗಿ ಇರಲಿಲ್ಲ, ಒಡೆದಾಗ ಹುಟ್ಟಿತು. ಎರಡು ಹನಿಗಳ ವ್ಯತ್ಯಾಸ ಅರ್ಥವಾದರೆ ಮಿಶ್ರಣ ಮತ್ತು ಸಂಯುಕ್ತದ ವ್ಯತ್ಯಾಸವೂ ಅರ್ಥವಾದಂತೆ.

ತಣಿದ ಕಪ್ಪು ಚೂರನ್ನು ನೀರಿಗೆ ಹಾಕಿ. ಚೆನ್ನಾಗಿ ಕಪ್ಪಾಗಿದ್ದರೆ ಕರಗುವುದಿಲ್ಲ, ಅದು ಬಹುಪಾಲು ಇಂಗಾಲ. ನೀರಿಗೆ ಕಂದು ಬಣ್ಣ ಬಿಟ್ಟರೆ ಸಕ್ಕರೆ ಪೂರ್ತಿ ಒಡೆದಿಲ್ಲ, ಅರ್ಧದಾರಿಯ ಕ್ಯಾರಮೆಲ್ ಇನ್ನೂ ಉಳಿದಿದೆ ಎಂದು ಲೆಕ್ಕ. 100 ಗ್ರಾಂ ಸಕ್ಕರೆಯಲ್ಲಿ 42 ಗ್ರಾಂ ಇಂಗಾಲ ಇರುತ್ತದೆ. ಉಳಿದ 58 ಗ್ರಾಂನಲ್ಲಿ ಜಲಜನಕ ಮತ್ತು ಆಮ್ಲಜನಕ ನೀರಿನಲ್ಲಿ ಇರುವ ಪ್ರಮಾಣದಲ್ಲೇ ಇವೆ. ಒಲೆಯ ಮೇಲೆ ಅಷ್ಟೂ ಇಂಗಾಲ ಕೈಗೆ ಸಿಗುವುದಿಲ್ಲ, ಒಂದಷ್ಟು ಹೊಗೆಯಾಗಿ, ಬೇರೆ ಅನಿಲಗಳಾಗಿ ಹೋಗುತ್ತದೆ.

ಆ ಕಪ್ಪು ಚೂರು ಮತ್ತು ಹನಿಗಳನ್ನು ಮತ್ತೆ ಕಲಸಿ. ಸಕ್ಕರೆ ಬಂತಾ? ಬರುವುದಿಲ್ಲ. ಉಪ್ಪು, ನೀರು ಕಲಸಿದರೆ ಮಾತ್ರ ಉಪ್ಪುನೀರು ತಕ್ಷಣ ವಾಪಸ್ ಬರುತ್ತದೆ.

ಮೂರನೇ ಹೆಜ್ಜೆ: ಧಾತುವನ್ನು ಗುರುತಿಸುವುದು

ಅಡುಗೆಮನೆಯಲ್ಲಿ ಧಾತುಗಳು ಕಡಿಮೆ. ತಾಮ್ರದ ಹಂಡೆ, ತಾಮ್ರದ ತಂಬಿಗೆ ಇದ್ದರೆ ಅದು ಹೆಚ್ಚುಕಡಿಮೆ ಶುದ್ಧ ಧಾತು. ಅಲ್ಯೂಮಿನಿಯಂ ಫಾಯಿಲ್ ಕೂಡ. ಕಬ್ಬಿಣದ ಬಾಣಲೆಯಲ್ಲಿ ಇಂಗಾಲ ಸೇರಿರುತ್ತದೆ, ಹಾಗಾಗಿ ಅದು ಮಿಶ್ರಣ. ಹಿತ್ತಾಳೆ ಕೊಡ ತಾಮ್ರ ಮತ್ತು ಸತುವಿನ ಮಿಶ್ರಣ. ಕಂಚು ತಾಮ್ರ ಮತ್ತು ತವರದ್ದು. ಸ್ಟೀಲ್ ತಟ್ಟೆ ಕಬ್ಬಿಣ, ಕ್ರೋಮಿಯಂ ಮುಂತಾದವುಗಳದ್ದು. ಹಿತ್ತಾಳೆ ಎಷ್ಟೇ ಒಂದೇ ಸಮ ಹೊಳೆದರೂ ಅದರಲ್ಲಿ ಸತುವನ್ನು ಜಾಸ್ತಿಯೂ ಹಾಕಬಹುದು, ಕಡಿಮೆಯೂ ಹಾಕಬಹುದು. ಪ್ರಮಾಣದ ಪ್ರಶ್ನೆ ಇಲ್ಲಿ ಎಷ್ಟು ಬೇಗ ಉತ್ತರ ಕೊಟ್ಟಿತು ನೋಡಿ.

ಈಗ ಎರಡನೇ ಗುಂಡಿ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಕಾಯಿಸಿದರೆ ಕಪ್ಪಾಗುತ್ತದೆ. ಸಕ್ಕರೆಯೂ ಕಪ್ಪಾಯಿತು, ತಾಮ್ರವೂ ಕಪ್ಪಾಯಿತು. ಹಾಗಾದರೆ ತಾಮ್ರವೂ ಒಡೆಯಿತೇ? ಇಲ್ಲ. ತಾಮ್ರಕ್ಕೆ ಗಾಳಿಯ ಆಮ್ಲಜನಕ ಬಂದು ಸೇರಿ ತಾಮ್ರದ ಆಕ್ಸೈಡ್ ಆಯಿತು. ವ್ಯತ್ಯಾಸ ಹೇಳುವುದು ತಕ್ಕಡಿ. ಸಕ್ಕರೆ ಒಡೆದಾಗ ಪಾತ್ರೆಯಲ್ಲಿ ಉಳಿದದ್ದರ ತೂಕ ಕಡಿಮೆಯಾಗುತ್ತದೆ. ತಾಮ್ರ ಕಪ್ಪಾದಾಗ ತೂಕ ಹೆಚ್ಚುತ್ತದೆ. 4 ಗ್ರಾಂ ತಾಮ್ರ ಪೂರ್ತಿ ಆಕ್ಸೈಡ್ ಆದರೆ ಸುಮಾರು 5 ಗ್ರಾಂ ಆಗುತ್ತದೆ. ಮನೆಯ ಒಲೆಯಲ್ಲಿ ಮೇಲಿನ ತೆಳು ಪದರ ಮಾತ್ರ ಕಪ್ಪಾಗುವುದರಿಂದ ಅಡುಗೆಮನೆಯ ತಕ್ಕಡಿಗೆ ಈ ಹೆಚ್ಚಳ ಸಿಗುವುದಿಲ್ಲ. ಕೆರೆದರೆ ಒಳಗೆ ಕೆಂಪು ತಾಮ್ರ ಹಾಗೇ ಇರುವುದಂತೂ ಕಾಣುತ್ತದೆ.

ಹಂಡೆಯ ಮೇಲೆ ಹಸಿರು ಕಿಲುಬು ಕಟ್ಟುವುದೂ ಇದೇ ಕಥೆ. ತಾಮ್ರ, ಗಾಳಿಯ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ತೇವ ಎಲ್ಲ ಸೇರಿ ತಾಮ್ರದ ಕಾರ್ಬೋನೇಟ್ ಆಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕ್ಲೋರೈಡೂ ಸೇರುತ್ತದೆ. ಈ ಹಸಿರು ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. ಫ್ರಾನ್ಸಿನ ಜೋಸೆಫ್ ಪ್ರೌಸ್ಟ್ 1799ರಲ್ಲಿ ತಾಮ್ರದ ಕಾರ್ಬೋನೇಟನ್ನೇ ತೂಗಿ ತೋರಿಸಿದ. ನೆಲದಿಂದ ಅಗೆದದ್ದೂ, ತಾನೇ ಪ್ರಯೋಗಶಾಲೆಯಲ್ಲಿ ಮಾಡಿದ್ದೂ, ಎರಡರಲ್ಲೂ ಧಾತುಗಳ ಪ್ರಮಾಣ ಒಂದೇ ಇತ್ತು. ಸಂಯುಕ್ತದಲ್ಲಿ ಪ್ರಮಾಣ ಸ್ಥಿರ ಎಂಬ ನಿಯಮ ಗಟ್ಟಿಯಾದದ್ದು ಹೀಗೆ. ಅದೇ ದೇಶದ ಬರ್ತೊಲೆ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನು ಒಪ್ಪಲಿಲ್ಲ. ದ್ರಾವಣಗಳನ್ನೂ ಮಿಶ್ರಲೋಹಗಳನ್ನೂ ಅವನು ಸಂಯುಕ್ತಗಳ ಜೊತೆಗೇ ಎಣಿಸುತ್ತಿದ್ದ. ಉಪ್ಪುನೀರನ್ನು ಸಂಯುಕ್ತ ಎಂದ ಮಕ್ಕಳಿಗೆ ಒಳ್ಳೆಯ ಜೊತೆಯೇ ಇದೆ!

ಒಲೆಗೆ ಒಡೆಯದ್ದೆಲ್ಲ ಧಾತು ಎಂಬ ಭ್ರಮೆಗೂ ದೊಡ್ಡವರೇ ಸಾಕ್ಷಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವೊಸಿಯೆ 1789ರಲ್ಲಿ ಮಾಡಿದ ಧಾತುಗಳ ಪಟ್ಟಿಯಲ್ಲಿ ಸುಣ್ಣವೂ ಇತ್ತು. ಆಗ ಯಾರಿಗೂ ಅದನ್ನು ಒಡೆಯಲು ಬರುತ್ತಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕರೆಂಟಿನ ಸಹಾಯದಿಂದ ಅದರೊಳಗಿನ ಕ್ಯಾಲ್ಸಿಯಂ ಲೋಹವನ್ನು ಹೊರತೆಗೆದ. ಸುಣ್ಣ ಎಂದರೆ ಕ್ಯಾಲ್ಸಿಯಂ ಮತ್ತು ಆಮ್ಲಜನಕದ ಸಂಯುಕ್ತ ಎಂದು ಆಮೇಲೆ ಸ್ಪಷ್ಟವಾಯಿತು.

ಅಡುಗೆಮನೆಯ ಕಪಾಟಿನ ಮುಂದೆ

ಈಗ ಡಬ್ಬಗಳನ್ನು ಒಂದೊಂದಾಗಿ ತೆಗೆಯಿರಿ. ಹಾಲು, ಮಜ್ಜಿಗೆ, ಜೇನುತುಪ್ಪ, ತೆಂಗಿನೆಣ್ಣೆ, ಮುರುಗಲ ಹಣ್ಣಿನ ಪಾನಕ, ಹಿಟ್ಟು, ಸಾಂಬಾರು ಪುಡಿ ಎಲ್ಲವೂ ಮಿಶ್ರಣ. ಇವುಗಳಿಗೆ ಹೆಚ್ಚು ಹೊತ್ತು ಬೇಡ. ಸಿಲಿಂಡರಿನ ಗ್ಯಾಸೂ ಮಿಶ್ರಣ, ಪ್ರೋಪೇನ್ ಮತ್ತು ಬ್ಯುಟೇನ್ ಎಂಬ ಎರಡು ಸಂಯುಕ್ತಗಳದ್ದು. ವಿನೆಗರ್ ಎಂದರೆ ನೀರಿನಲ್ಲಿ ಬೆರೆತ ಅಸಿಟಿಕ್ ಆಮ್ಲ, ಅದೂ ಮಿಶ್ರಣ.

ಅಡುಗೆ ಸೋಡಾ ಸಂಯುಕ್ತ. ಅದನ್ನು ಒಣ ಪಾತ್ರೆಯಲ್ಲಿ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಬಿಟ್ಟು ಸೋಡಿಯಂ ಕಾರ್ಬೋನೇಟ್ ಆಗುತ್ತದೆ. ಬೇಕಿಂಗ್ ಪೌಡರ್ ಹಾಗಲ್ಲ. ಅದೇ ಸೋಡಾಕ್ಕೆ ಒಂದು ಹುಳಿ ಪುಡಿ, ಒಂದಷ್ಟು ಮೆಕ್ಕೆಜೋಳದ ಪಿಷ್ಟ ಬೆರೆಸಿದ ಮಿಶ್ರಣ. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡುವವರು ಬಹಳ.

ಅಯೋಡಿನ್ ಉಪ್ಪು ಇನ್ನೊಂದು ಜಾಣ ಪ್ರಶ್ನೆ. ಪ್ಯಾಕೆಟಿನ ಮೇಲೆ ಅಯೋಡಿನ್ ಎಂದು ಬರೆದಿದ್ದರೂ ಒಳಗೆ ಆ ಧಾತು ಬಿಡಿಯಾಗಿ ಇರುವುದಿಲ್ಲ. ನಮ್ಮ ದೇಶದಲ್ಲಿ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್ ಎಂಬ ಸಂಯುಕ್ತ. ಹಾಗಾಗಿ ಅಯೋಡಿನ್ ಉಪ್ಪು ಸೋಡಿಯಂ ಕ್ಲೋರೈಡ್ ಮತ್ತು ಅಯೋಡೇಟ್‌ಗಳ ಮಿಶ್ರಣ. "ಹಾಲಿನಲ್ಲಿ ಕ್ಯಾಲ್ಸಿಯಂ ಇದೆ" ಎಂದರೂ ಲೋಹದ ಚೂರು ತೇಲುತ್ತಿದೆ ಎಂದಲ್ಲ, ಅದೂ ಬೇರೆ ವಸ್ತುಗಳ ಜೊತೆ ಕೂಡಿದ ರೂಪದಲ್ಲಿದೆ.

ಕೊನೆಗೆ ಎಲೆ ಅಡಿಕೆಯ ತಟ್ಟೆಯ ಸುಣ್ಣ. ಕಡಲ ಚಿಪ್ಪಿನಲ್ಲಿ ಬಹುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೋನೇಟ್, ಅದು ಸಂಯುಕ್ತ. ಗೂಡಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, 100 ಗ್ರಾಂ ಕಾರ್ಬೋನೇಟಿಗೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದೂ ಸಂಯುಕ್ತ. ನೀರು ಹಾಕಿದರೆ ಬುಸುಗುಟ್ಟಿ ಬಿಸಿಯಾಗಿ ಅರಳಿದ ಸುಣ್ಣ ಆಗುತ್ತದೆ, ಮೂರನೇ ಸಂಯುಕ್ತ. ಮನೆಯಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸ ಮಾಡಬೇಡಿ, ಸಿಡಿದರೆ ಕಣ್ಣು ಹೋಗುತ್ತದೆ. ಅಂಗಡಿಯ ತಿನ್ನುವ ಸುಣ್ಣವನ್ನೇ ಕಡಲೆಯಷ್ಟು ತೆಗೆದುಕೊಂಡು ಒಂದು ಲೋಟ ನೀರಿಗೆ ಕಲಕಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ.

ತಳದಲ್ಲಿ ಕೂತ ಬಿಳಿ ಮತ್ತು ಮೇಲಿನ ನೀರು ಹೀಗೆ ಬೇರೆಯಾದವು ಎಂದರೆ ಸುಣ್ಣದ ಹಾಲು ಮಿಶ್ರಣ. ತಿಳಿಯೂ ಮಿಶ್ರಣವೇ, ಅದರಲ್ಲಿ ಸ್ವಲ್ಪ ಸುಣ್ಣ ಕರಗಿದೆ. ಈಗ ಕೊಳವೆಯಿಂದ ಮೆತ್ತಗೆ ಊದಿ. ಊದಬೇಕು, ಹೀರಬಾರದು. ತಿಳಿ ಬೆಳ್ಳಗಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಕೂಡಿ ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಸೋಸಿದರೆ ಬಟ್ಟೆಯಲ್ಲಿ ಸಿಗುವ ಬಿಳಿ ಪುಡಿಯನ್ನು ಒಣಗಿಸಿ, ಅದರ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಕಾರ್ಬೋನೇಟ್ ಆಗಿದ್ದರೆ ಗುಳ್ಳೆ ಏಳಬೇಕು. ಏಳದಿದ್ದರೆ ಪುಡಿ ತೀರಾ ಕಡಿಮೆ ಇರುತ್ತದೆ. ಇನ್ನೊಂದು ಲೋಟ ತಿಳಿ ಮಾಡಿಕೊಂಡು ಊದಿ, ಆದರೆ ಅತಿಯಾಗಿ ಬೇಡ. ತುಂಬಾ ಹೊತ್ತು ಊದಿದರೆ ಬೆಳ್ಳಗಾದದ್ದು ಮತ್ತೆ ಕರಗಿ ತಿಳಿಯಾಗಿಬಿಡುತ್ತದೆ, ಆಗ ಆಗುವುದು ಕ್ಯಾಲ್ಸಿಯಂ ಬೈಕಾರ್ಬೋನೇಟ್ ಎಂಬ ಇನ್ನೊಂದು ಸಂಯುಕ್ತ.